ಕೆಟ್ಟಿತೋ, ನಿಲ್ಲಿಸಿದರೋ? ಸೇವೆ ನಿಂತಾಗ ಬರುವ ಸೂಚನೆಯಲ್ಲಿ ಕರ್ತೃಪದ

ನಾನಿರುವ ಗುಜರಾತಿನ ಮಂಜಲ್‌ಪುರದಲ್ಲಿ ಬ್ಯಾಂಕಿನ ಕೆಲಸ ನಿಂತರೆ ಕೌಂಟರಿನ ಗಾಜಿಗೆ ಅಂಟುವ ಚೀಟಿಯಲ್ಲಿ ಮೂರೇ ಪದ: ‘ಸರ್ವರ್ ಡೌನ್ ಛೇ’. ಚೀಟಿ ಇಲ್ಲದಿದ್ದರೆ ಒಳಗಿದ್ದವರು ತಲೆ ಎತ್ತದೆ ಅದನ್ನೇ ಬಾಯಲ್ಲಿ ಹೇಳುತ್ತಾರೆ. ನಮ್ಮ ಕಡೆಯ ಪಡಿತರ ಅಂಗಡಿಯಲ್ಲಿ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕೇಳುವ ‘ಸರ್ವರ್ ಇಲ್ಲ’ ಎಂಬುದರ ಗುಜರಾತಿ ತಮ್ಮ ಅದು. ಹೆಚ್ಚು ವಿನಯವಂತರಾದರೆ ಕೆಳಗೆ ಇನ್ನೊಂದು ಸಾಲು ಸೇರುತ್ತದೆ: ‘ಅಸುವಿಧಾ ಬದಲ್ ಖೇದ್ ಛೇ’, ಅನನುಕೂಲಕ್ಕೆ ವಿಷಾದವಿದೆ. ದೂರದರ್ಶನದ ಕಾಲದವರಿಗೆ ‘ರುಕಾವಟ್ ಕೇ ಲಿಯೇ ಖೇದ್ ಹೈ’ ಎಂಬ ಫಲಕ ನೆನಪಿರಬಹುದು. ಸಾಲು ಅದೇ, ಗೋಡೆ ಮಾತ್ರ ಬೇರೆ.

ಈ ಎರಡೂ ವಾಕ್ಯಗಳಲ್ಲಿ ಮನುಷ್ಯರಿಲ್ಲ. ಸರ್ವರ್ ತಾನಾಗಿಯೇ ಕೆಳಗಿದೆ, ಖೇದ ತಾನಾಗಿಯೇ ಇದೆ. ಯಾರು ಏನು ಮಾಡಿದರು, ಯಾರಿಗೆ ಬೇಸರವಾಗಿದೆ ಎಂಬುದು ವಾಕ್ಯದ ಹೊರಗೇ ಉಳಿಯುತ್ತದೆ. 2024ರ ಜುಲೈ ಕೊನೆಯ ವಾರದಲ್ಲಿ ಗುಜರಾತಿನ ಜಿಲ್ಲಾ ಸಹಕಾರಿ ಬ್ಯಾಂಕುಗಳ ಗ್ರಾಹಕರಿಗೆ ಸಿಕ್ಕ ವಿವರಣೆಗಳನ್ನು ಈ ಒಂದು ಅಂಶ ಹಿಡಿದು ಓದಿ ನೋಡುವುದಷ್ಟೇ ಈ ಟಿಪ್ಪಣಿಯ ಕೆಲಸ.

ಪ್ರಕರಣ ಹೀಗಿದೆ. ದೇಶದ ಸಣ್ಣ ಸಹಕಾರಿ ಬ್ಯಾಂಕುಗಳೂ ಗ್ರಾಮೀಣ ಬ್ಯಾಂಕುಗಳೂ ಬಹುಮಟ್ಟಿಗೆ ಸ್ವಂತ ಕಂಪ್ಯೂಟರ್ ವ್ಯವಸ್ಥೆ ಕಟ್ಟಿಕೊಂಡಿಲ್ಲ. ಲೆಕ್ಕ ಇಡುವ ತಂತ್ರಾಂಶವನ್ನೂ ಯುಪಿಐ, ಎಟಿಎಂ ಜಾಲಕ್ಕೆ ಸೇರುವ ದಾರಿಯನ್ನೂ ಬಾಡಿಗೆಗೆ ಪಡೆಯುತ್ತವೆ. ಹಾಗೆ ಬಾಡಿಗೆಗೆ ಕೊಡುವವರಲ್ಲಿ ಒಂದು ಸಿ-ಎಡ್ಜ್ ಟೆಕ್ನಾಲಜೀಸ್. ಅದು ಟಿಸಿಎಸ್ ಮತ್ತು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾ ಸೇರಿ ಕಟ್ಟಿದ ಕಂಪನಿ. ಅದರ ಯಂತ್ರಗಳಿಗೆ ರಾನ್ಸಮ್‌ವೇರ್ ಹೊಕ್ಕಿತು. ಕಡತಗಳನ್ನೆಲ್ಲ ಗೂಢಲಿಪಿಯಲ್ಲಿ ಬೀಗ ಹಾಕಿಟ್ಟು, ಕೀಲಿಗೆ ಹಣ ಕೇಳುವ ಬಗೆಯ ದಾಳಿ ಅದು. ಯುಪಿಐ ನಡೆಸುವ ಎನ್‌ಪಿಸಿಐ ಸಂಸ್ಥೆ ಜುಲೈ 31, ಬುಧವಾರ, ಸಿ-ಎಡ್ಜ್‌ಗೆ ಇದ್ದ ಸಂಪರ್ಕವನ್ನು ತಾನೇ ಕಡಿದಿರುವುದಾಗಿ ಪ್ರಕಟಿಸಿತು. ಸುಮಾರು 300 ಸಣ್ಣ ಬ್ಯಾಂಕುಗಳು ಪಾವತಿ ಜಾಲದಿಂದ ಹೊರಗುಳಿದವು ಎಂದು ಸುದ್ದಿಸಂಸ್ಥೆಗಳು ಬರೆದವು. ದೇಶದ ಒಟ್ಟು ವಹಿವಾಟಿನ ಲೆಕ್ಕದಲ್ಲಿ ಇದು ಅರ್ಧ ಶೇಕಡಾದ ಮಾತು ಎಂಬ ಅಂದಾಜೂ ಅದೇ ವರದಿಗಳಲ್ಲಿ ಇತ್ತು. ಆದರೆ ಅಮ್ರೇಲಿಯ ಒಬ್ಬ ರೈತನಿಗೆ ಅದು ಅರ್ಧ ಶೇಕಡಾ ಅಲ್ಲ, ಇರುವುದೊಂದೇ ಖಾತೆ.

ಗುಜರಾತಿನ ಮಟ್ಟಿಗೆ ವಿಷಯ ಹೊರಬಂದದ್ದು ದಿಲೀಪ್ ಸಂಘಾನಿಯವರ ಮಾತಿನಿಂದ. ರಾಷ್ಟ್ರೀಯ ಸಹಕಾರ ಒಕ್ಕೂಟದ ಅಧ್ಯಕ್ಷರಾಗಿದ್ದ ಅವರು ಅಮ್ರೇಲಿಯವರು. ಗುಜರಾತಿನ 17 ಜಿಲ್ಲಾ ಸಹಕಾರಿ ಬ್ಯಾಂಕುಗಳಿಗೆ ಎರಡು ಮೂರು ದಿನಗಳಿಂದ ತೊಂದರೆಯಾಗಿದೆ, ಕಳಿಸಿದವರ ಖಾತೆಯಿಂದ ಹಣ ಹೋಗುತ್ತಿದೆ, ಪಡೆಯಬೇಕಾದವರ ಖಾತೆಗೆ ಬರುತ್ತಿಲ್ಲ ಎಂದು ಅವರು ಸುದ್ದಿಗಾರರಿಗೆ ತಿಳಿಸಿದರು. ತಂತ್ರಾಂಶ ಕಂಪನಿಯವರು ಇದನ್ನು ತಾಂತ್ರಿಕ ದೋಷ ಎನ್ನುತ್ತಿದ್ದಾರೆ ಎಂದೂ ಹೇಳಿದರು. ಅಂದರೆ ಒಂದೇ ವಾರದಲ್ಲಿ ಒಂದೇ ಘಟನೆಗೆ ಎರಡು ಕಾರಣಗಳು ಬಾಯಿಂದ ಬಾಯಿಗೆ ಹೋದವು: ಮೊದಲು ‘ತಾಂತ್ರಿಕ ದೋಷ’, ಆಮೇಲೆ ‘ರಾನ್ಸಮ್‌ವೇರ್ ದಾಳಿ’. ಮೊದಲನೆಯದು ಸುಳ್ಳೆಂದು ನಾನು ಹೇಳಲಾರೆ. ಒಳಗಿದ್ದವರಿಗೂ ಮೊದಲ ಗಂಟೆಗಳಲ್ಲಿ ಅಷ್ಟೇ ಕಂಡಿರಬಹುದು. ಆದರೆ ‘ತಾಂತ್ರಿಕ ದೋಷ’ ಎಂಬುದು ಕಾರಣವೇ ಅಲ್ಲ. ‘ಜ್ವರ ಯಾಕೆ ಬಂತು?’ ಎಂದರೆ ‘ಆರೋಗ್ಯ ಸರಿಯಿಲ್ಲದ್ದರಿಂದ’ ಎಂದ ಹಾಗೆ.

ಎನ್‌ಪಿಸಿಐನ ಜುಲೈ 31ರ ಸೂಚನೆಯನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಇಂಗ್ಲಿಷಿನಲ್ಲಿದ್ದ ಆ ಚಿಕ್ಕ ಹೇಳಿಕೆಯ ಸಾರ ಇದು. ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳಿಗೆ ಸೇವೆ ಕೊಡುವ ಸಿ-ಎಡ್ಜ್ ಕಂಪನಿಯ ಕೆಲವು ಯಂತ್ರಗಳ ಮೇಲೆ ರಾನ್ಸಮ್‌ವೇರ್ ದಾಳಿ ಆಗಿರುವ ಸಾಧ್ಯತೆ ನಮ್ಮ ಗಮನಕ್ಕೆ ಬಂದಿದೆ. ಪಾವತಿ ವ್ಯವಸ್ಥೆಗೆ ದೊಡ್ಡ ಪೆಟ್ಟು ಬೀಳದಂತೆ ನಾವು ಆ ಕಂಪನಿಯನ್ನು ತಾತ್ಕಾಲಿಕವಾಗಿ ಬೇರ್ಪಡಿಸಿದ್ದೇವೆ. ಅದರ ಸೇವೆ ಪಡೆಯುವ ಬ್ಯಾಂಕುಗಳ ಗ್ರಾಹಕರು ಅಷ್ಟು ಕಾಲ ಪಾವತಿ ವ್ಯವಸ್ಥೆ ಬಳಸಲಾರರು. ದುರಸ್ತಿ ಯುದ್ಧೋಪಾದಿಯಲ್ಲಿ ನಡೆದಿದೆ, ಆದಷ್ಟು ಬೇಗ ಸಂಪರ್ಕ ಮರಳುತ್ತದೆ.

ಇದರ ಎರಡನೆಯ ವಾಕ್ಯ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಅಲ್ಲಿ ಕರ್ತೃ ಇದೆ: ‘ನಾವು ಬೇರ್ಪಡಿಸಿದ್ದೇವೆ’. ಗ್ರಾಹಕರ ಪಾವತಿ ನಿಂತದ್ದರಲ್ಲಿ ಯಂತ್ರ ಕೆಟ್ಟದ್ದರ ಪಾಲೆಷ್ಟೋ ಒಬ್ಬರು ಬೇಕೆಂದೇ ತಂತಿ ಕಿತ್ತದ್ದರ ಪಾಲೂ ಅಷ್ಟೇ ಇತ್ತು. ಬೆಂಕಿ ಹತ್ತಿದ ಮನೆಗೆ ಲೈನ್‌ಮನ್ ಕರೆಂಟು ಕಡಿದರೆ, ಆ ಬೀದಿಯ ಕತ್ತಲೆಗೆ ಕಾರಣ ಬೆಂಕಿಯೋ ಲೈನ್‌ಮನ್ನೋ? ಎರಡೂ. ಆದರೆ ಬೀದಿಯವರಿಗೆ ಮೊದಲು ತಿಳಿಯಬೇಕಾದದ್ದು ಲೈನ್‌ಮನ್ನಿನ ಸಂಗತಿ. ಯಾಕೆಂದರೆ ಮತ್ತೆ ದೀಪ ಹತ್ತುವುದು ಅವನ ಕೈಯಲ್ಲಿದೆ. ಬೆಂಕಿ ಆರಿದ ಕೂಡಲೇ ದೀಪ ಹತ್ತುವುದಿಲ್ಲ, ತಂತಿಯನ್ನು ಪರೀಕ್ಷಿಸಿ ಅವನು ಸ್ವಿಚ್ಚು ಹಾಕಬೇಕು. ‘ಇನ್ನೆಷ್ಟು ಹೊತ್ತು?’ ಎಂಬ ಪ್ರಶ್ನೆಗೆ ಉತ್ತರ ಈ ವ್ಯತ್ಯಾಸದಲ್ಲೇ ಅಡಗಿದೆ.

ಕನ್ನಡಕ್ಕೆ ಈ ವ್ಯತ್ಯಾಸ ಹೇಳಲು ಕಷ್ಟವೇ ಇಲ್ಲ. ‘ನಿಂತಿತು’ ಬೇರೆ, ‘ನಿಲ್ಲಿಸಿದೆವು’ ಬೇರೆ. ‘ಕಡಿಯಿತು’ ಬೇರೆ, ‘ಕಡಿದೆವು’ ಬೇರೆ. ಒಂದು ಪ್ರತ್ಯಯ ಬದಲಾದರೆ ಸಾಕು, ಮಾಡಿದವನು ವಾಕ್ಯದೊಳಗೆ ಬಂದು ನಿಲ್ಲುತ್ತಾನೆ. ಆದರೂ ನಮ್ಮ ಕಚೇರಿಗಳ ಕನ್ನಡ ‘ಆಗು’ ಧಾತುವಿನ ಮರೆಯಲ್ಲೇ ಬದುಕುತ್ತದೆ. ‘ಸೇವೆಯಲ್ಲಿ ವ್ಯತ್ಯಯ ಉಂಟಾಗಿದೆ’, ‘ಅಡಚಣೆಯಾಗಿದೆ’, ‘ಸ್ಥಗಿತಗೊಂಡಿರುತ್ತದೆ’. ಈ ಕೊನೆಯ ‘ಇರುತ್ತದೆ’ಯಂತೂ ನಿನ್ನೆ ಆದದ್ದನ್ನು ಎಂದೆಂದಿನಿಂದಲೂ ಇರುವ ಪ್ರಕೃತಿ ನಿಯಮವನ್ನಾಗಿ ಮಾಡಿಬಿಡುತ್ತದೆ. ಗ್ರಾಹಕನೂ ಇದೇ ವ್ಯಾಕರಣದಲ್ಲಿ ಮಾತಾಡುತ್ತಾನೆ ಎಂಬುದು ತಮಾಷೆ. ಇಲ್ಲಿಯವರು ‘ಪೈಸಾ ಕಪಾಈ ಗಯಾ’ ಎನ್ನುತ್ತಾರೆ, ನಾವು ‘ದುಡ್ಡು ಕಟ್ ಆಯ್ತು’ ಎನ್ನುತ್ತೇವೆ. ಅವನು ಹಾಗೆ ಹೇಳುವುದು ಸರಿಯೇ. ಕತ್ತರಿ ಯಾರ ಕೈಯಲ್ಲಿತ್ತೆಂದು ಅವನಿಗೆ ಗೊತ್ತಿಲ್ಲ. ಗೊತ್ತಿರುವವರೂ ಅದೇ ಮಾತು ಆಡುವುದು ಸರಿಯಲ್ಲ.

ಇಷ್ಟು ಚೆನ್ನಾಗಿದ್ದ ಆ ಸೂಚನೆ ಮೂರನೆಯ ವಾಕ್ಯದಲ್ಲಿ ಎಡವಿತು. ‘ಸಿ-ಎಡ್ಜ್ ಸೇವೆ ಪಡೆಯುವ ಬ್ಯಾಂಕುಗಳ ಗ್ರಾಹಕರು’ ಎಂದರೆ ಯಾರು? ತನ್ನ ಬ್ಯಾಂಕಿನ ತಂತ್ರಾಂಶ ಯಾವ ಕಂಪನಿಯದು ಎಂದು ತಿಳಿದಿರುವ ಖಾತೆದಾರನನ್ನು ನಾನಂತೂ ನೋಡಿಲ್ಲ. ಬ್ಯಾಂಕುಗಳ ಹೆಸರು ಆ ಹೇಳಿಕೆಯಲ್ಲಿ ಇರಲಿಲ್ಲ. ಹೀಗಾಗಿ ಯಾರಿಗೆ ಬರೆದಿತ್ತೋ ಅವರಿಗೇ ಅದು ತಮಗೆ ಬರೆದದ್ದೆಂದು ಗೊತ್ತಾಗುವಂತಿರಲಿಲ್ಲ, ಸಂಬಂಧವಿಲ್ಲದವರಿಗೆ ಭಯ ಮಾತ್ರ ಆಯಿತು. ಎನ್‌ಪಿಸಿಐ ಬರೆದದ್ದು ಪಾವತಿ ವ್ಯವಸ್ಥೆಯ ಪಾಲುದಾರರನ್ನು ಮನಸ್ಸಿನಲ್ಲಿಟ್ಟು ಎಂದು ಅದರ ಪರವಾಗಿ ಹೇಳಬಹುದು. ಖಾತೆದಾರನಿಗೆ ಅವನ ಭಾಷೆಯಲ್ಲಿ ಹೇಳಬೇಕಾದದ್ದು ಅವನ ಬ್ಯಾಂಕು. ಆ ಬ್ಯಾಂಕಿಗಾದರೋ ತನ್ನ ಕೈಯಲ್ಲಿಲ್ಲದ ಯಂತ್ರದ ಬಗ್ಗೆ ಮಾತಾಡಬೇಕಾದ ಇಕ್ಕಟ್ಟು.

ಹೇಳಬೇಕಾದ ಮೊದಲ ಸಂಗತಿ ಹಣದ್ದು. ಒಂದು ಉದಾಹರಣೆ ಇಟ್ಟುಕೊಳ್ಳೋಣ. ಮಂಜಲ್‌ಪುರದ ಪಕ್ಕದ ಮಕರ್‌ಪುರಾ ಕೈಗಾರಿಕಾ ಪ್ರದೇಶದಲ್ಲಿ ಲೇತ್ ನಡೆಸುವ ಒಬ್ಬ ಜುಲೈ 30ರ ಸಂಜೆ ಊರಿನ ತಾಯಿಯ ಖಾತೆಗೆ ಯುಪಿಐಯಲ್ಲಿ 3,000 ರೂಪಾಯಿ ಕಳಿಸುತ್ತಾನೆ. ಅವನ ಖಾತೆ ದೊಡ್ಡ ಬ್ಯಾಂಕಿನಲ್ಲಿದೆ, ತಾಯಿಯದು ಬಾಧಿತ ಜಿಲ್ಲಾ ಬ್ಯಾಂಕಿನಲ್ಲಿ. ಅವನ ಬ್ಯಾಂಕು ಹಣ ಕಳೆದು ಎನ್‌ಪಿಸಿಐಗೆ ‘ಆಯಿತು’ ಎನ್ನುತ್ತದೆ. ಎನ್‌ಪಿಸಿಐ ತಾಯಿಯ ಬ್ಯಾಂಕಿನ ಬಾಗಿಲು ತಟ್ಟಿ ‘3,000 ಜಮಾ ಮಾಡಿ’ ಎನ್ನುತ್ತದೆ. ಆ ಬಾಗಿಲು ಇರುವುದು ಸಿ-ಎಡ್ಜ್‌ನ ಯಂತ್ರದಲ್ಲಿ. ಅಲ್ಲಿಂದ ಉತ್ತರ ಬರುವುದಿಲ್ಲ.

ಉತ್ತರ ಬಾರದಿರುವುದು ಬೇರೆ, ‘ಇಲ್ಲ’ ಎಂಬ ಉತ್ತರ ಬರುವುದು ಬೇರೆ. ‘ಇಲ್ಲ’ ಬಂದಿದ್ದರೆ ಹಣ ಆಗಲೇ ಹಿಂದಿರುಗುತ್ತಿತ್ತು. ಉತ್ತರವೇ ಬಾರದಿದ್ದರೆ ಜಮಾ ಆಗಿ ರಸೀದಿ ಮಾತ್ರ ತಪ್ಪಿತೋ, ಜಮಾ ಆಗಲೇ ಇಲ್ಲವೋ ಎಂದು ನಡುವಿನವನಿಗೆ ತಿಳಿಯದು. ಅದಕ್ಕೇ ಮೊಬೈಲಿನಲ್ಲಿ ‘ವಿಫಲ’ ಎಂದು ತೋರಿಸದೆ ‘ಬಾಕಿ ಇದೆ’ ಎಂದು ತೋರಿಸುತ್ತದೆ. ಜನ ಹೆಚ್ಚು ಪೆಟ್ಟು ತಿನ್ನುವುದು ಇಲ್ಲಿಯೇ. ಹೋಗಲಿಲ್ಲವೇನೋ ಎಂದು ಮತ್ತೆ ಕಳಿಸುತ್ತಾರೆ, ಇನ್ನೂ 3,000 ಅದೇ ಮುಚ್ಚಿದ ಬಾಗಿಲಿನ ಮುಂದೆ ಹೋಗಿ ಕೂರುತ್ತದೆ.

ಇಂಥ ಹಣಕ್ಕೆ ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್ 20ರ ಸುತ್ತೋಲೆಯಲ್ಲಿ ಗಡುವು ಹಾಕಿದೆ. ಒಬ್ಬರಿಂದ ಒಬ್ಬರಿಗೆ ಹೋಗುವ ಯುಪಿಐ ಹಣ ಜಮಾ ಆಗದಿದ್ದರೆ, ವಹಿವಾಟಿನ ಮರುದಿನದೊಳಗೆ ತಾನಾಗಿ ಹಿಂದಿರುಗಬೇಕು. ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ. ಗ್ರಾಹಕ ದೂರು ಕೊಡುವವರೆಗೂ ಕಾಯಬೇಕಿಲ್ಲ, ಬ್ಯಾಂಕೇ ಕೊಡಬೇಕು. ಲೇತ್‌ನವನ ಲೆಕ್ಕದಲ್ಲಿ ವಹಿವಾಟಿನ ದಿನ ಜುಲೈ 30, ಗಡುವು ಜುಲೈ 31. ಅದು ದಾಟಿದ ಪ್ರತಿ ದಿನಕ್ಕೆ 100. ಅಂಗಡಿಗೆ ಕೊಟ್ಟ ಹಣವಾದರೆ ಗಡುವು ಐದು ದಿನ. ಇಷ್ಟು ತಿಳಿದರೆ ಅವನು ಆ ರಾತ್ರಿ ನಿದ್ದೆ ಮಾಡುತ್ತಾನೆ. ದಾಳಿ ಮಾಡಿದ ಗುಂಪಿನ ಹೆಸರು ತಿಳಿದರೆ ನಿದ್ದೆ ಬರುವುದಿಲ್ಲ.

(ಆ ಜುಲೈ 31 ವೈಯಕ್ತಿಕ ಆದಾಯ ತೆರಿಗೆ ವಿವರ ಸಲ್ಲಿಸಲು ಕೊನೆಯ ದಿನವೂ ಆಗಿತ್ತು. ಯಾವುದೇ ಸೂಚನೆ ಬರೆಯುವವರು ಮೊದಲು ಕ್ಯಾಲೆಂಡರ್ ನೋಡಬೇಕು.)

ಕಾರಣದ ಬೇರಿಗೆ ಬರೋಣ. ಅದನ್ನು ಹುಡುಕಿದ್ದು ಬೆಂಗಳೂರಿನ ಸೈಬರ್ ಭದ್ರತಾ ಕಂಪನಿ ಕ್ಲೌಡ್‌ಸೆಕ್. ಅದರ ವಿಶ್ಲೇಷಣೆಯಂತೆ ದಾಳಿ ಶುರುವಾದದ್ದು ಸಿ-ಎಡ್ಜ್ ಜೊತೆ ಕೆಲಸ ಮಾಡುವ ಒಂದು ಚಿಕ್ಕ ಸಂಸ್ಥೆಯ ಜೆಂಕಿನ್ಸ್ ಸರ್ವರ್‌ನಿಂದ. ಅದನ್ನು ಸರಿಯಾಗಿ ಜೋಡಿಸಿರಲಿಲ್ಲ. ಜೆಂಕಿನ್ಸ್ ಎಂಬುದು ತಂತ್ರಾಂಶದ ಬಿಡಿಭಾಗಗಳನ್ನು ಜೋಡಿಸಿ, ಪರೀಕ್ಷಿಸಿ, ಸಾಗಿಸುವ ಕಾರ್ಖಾನೆಯಂಥದ್ದು. ಗ್ರಾಹಕರು ಅದನ್ನು ಎಂದೂ ನೋಡುವುದಿಲ್ಲ. ಬಳಕೆಯಾದ ದೋಷದ ದಾಖಲೆ ಸಂಖ್ಯೆ `CVE-2024-23897`. ಅದನ್ನು ಸಾದಾ ಮಾತಿನಲ್ಲಿ ಹೇಳಬಹುದು. ಆ ಸರ್ವರ್‌ಗೆ ಕಳಿಸುವ ಆಜ್ಞೆಯಲ್ಲಿ `@` ಚಿಹ್ನೆ ಹಾಕಿ ಮುಂದೆ ಒಂದು ಕಡತದ ಹೆಸರು ಬರೆದರೆ, ಸರ್ವರ್ ಆ ಕಡತವನ್ನು ತೆರೆದು ಒಳಗಿರುವುದನ್ನು ಆಜ್ಞೆಯ ಭಾಗವೆಂದು ತಿಳಿದು ಓದುತ್ತದೆ. ಅರ್ಥವಾಗದಿದ್ದಾಗ ‘ಇಂಥ ಮಾತು ನನಗೆ ಗೊತ್ತಿಲ್ಲ’ ಎಂದು ಉತ್ತರಿಸುವಾಗ ಓದಿದ್ದನ್ನೇ ಗಟ್ಟಿಯಾಗಿ ಹೇಳಿಬಿಡುತ್ತದೆ. ಗುಮಾಸ್ತನೊಬ್ಬ ಬೀರುವಿನ ಗುಟ್ಟಿನ ಪತ್ರವನ್ನು ಕೈಯಲ್ಲಿ ಹಿಡಿದು, ‘ಸ್ವಾಮಿ, ಇದರಲ್ಲಿ ಬರೆದಿರುವ ಈ ಗುಪ್ತಪದ ನಮಗೆ ತಿಳಿಯದು’ ಎಂದು ಕಿಟಕಿಯಲ್ಲಿ ನಿಂತವನಿಗೆ ಓದಿ ಹೇಳಿದಂತೆ. ಗುರುತು ತೋರಿಸದವರಿಗೂ ಕಡತದ ಮೊದಲ ಕೆಲವು ಸಾಲು ಸಿಗುತ್ತಿತ್ತು. ಒಳಗೆ ನುಗ್ಗಲು ಬೇಕಾದ ಕೀಲಿ ಹಾಗೆ ಹೊರಬಂದರೆ ಉಳಿದದ್ದು ಹೊತ್ತಿನ ಪ್ರಶ್ನೆ.

ಜೆಂಕಿನ್ಸ್ ತಂಡ ಈ ತೂತನ್ನು ಮುಚ್ಚಿದ ಆವೃತ್ತಿಯನ್ನು 2024ರ ಜನವರಿ 24ರಂದೇ ಬಿಡುಗಡೆ ಮಾಡಿತ್ತು. ದಾಳಿ ಬಯಲಾದದ್ದು ಆರು ತಿಂಗಳ ಮೇಲೆ. ಇಡೀ ಪ್ರಕರಣದಲ್ಲಿ ಯಾರಾದರೂ ನಿಜವಾಗಿ ಕ್ಷಮೆ ಕೇಳಬೇಕಾದ ಒಂದು ಸಂಗತಿ ಇದ್ದರೆ ಅದು ಇದು. ದಾಳಿ ಮಾಡಿದವರು ಬೇರೆಯವರು, ಅದಕ್ಕೆ ಬ್ಯಾಂಕು ಕ್ಷಮೆ ಕೇಳಿದರೆ ಔಪಚಾರಿಕ. ಬೀಗ ಬದಲಿಸಿ ಎಂದು ಊರಿಗೆಲ್ಲ ಸಾರಿದ ಮೇಲೂ ಆರು ತಿಂಗಳು ಬದಲಿಸದೆ ಬಿಟ್ಟದ್ದು ಸರಪಳಿಯೊಳಗಿನವರ ಕೆಲಸ. ‘ಅತ್ಯಾಧುನಿಕ ಸೈಬರ್ ದಾಳಿ’ ಎಂಬ ಮಾತು ಇಂಥ ಸಂದರ್ಭಗಳಲ್ಲಿ ತಪ್ಪದೆ ಕೇಳಿಬರುತ್ತದೆ. ಕಳ್ಳನ ಜಾಣತನವನ್ನು ಎಷ್ಟು ಹೊಗಳಿದರೆ ಕಾವಲುಗಾರನ ನಿದ್ದೆ ಅಷ್ಟು ಮರೆಯಾಗುತ್ತದೆ.

ಗುಜರಾತಿನ ಜೈನರು ಸಂವತ್ಸರಿಯ ದಿನ ‘ಮಿಚ್ಛಾಮಿ ದುಕ್ಕಡಂ’ ಎನ್ನುತ್ತಾರೆ, ನಾನು ಮಾಡಿದ ಕೆಡುಕು ಹುಸಿಯಾಗಲಿ ಎಂದು. ಮಂಜಲ್‌ಪುರದ ಅಂಗಡಿಗಳಿಂದ ಆ ದಿನ ನನ್ನ ಮೊಬೈಲಿಗೂ ಆ ಸಂದೇಶ ಬರುತ್ತದೆ. ತಿಳಿದೋ ತಿಳಿಯದೆಯೋ ಮಾಡಿದ ಎಲ್ಲ ತಪ್ಪಿಗೂ ಅದು ಒಂದೇ ಮಾತು. ಧರ್ಮದಲ್ಲಿ ಅದು ದೊಡ್ಡದು. ಸೇವೆ ನಿಂತಾಗಿನ ಸೂಚನೆಗೆ ಈ ಮಾದರಿ ಒಗ್ಗುವುದಿಲ್ಲ, ಅಲ್ಲಿ ಬೇಕಾದದ್ದು ಹೆಸರಿಟ್ಟ ಒಂದೇ ತಪ್ಪು. ‘ವಿಷಾದ’ ಹೇಳುವವನ ಮನಸ್ಸಿನ ಸ್ಥಿತಿ, ಅದಕ್ಕೆ ಕೇಳುವವನು ಬೇಕಾಗಿಯೇ ಇಲ್ಲ. ‘ಕ್ಷಮಿಸಿ’ ಎಂದರೆ ಎದುರಿನವನಿಂದ ಏನನ್ನೋ ಬೇಡಿದಂತೆ, ಬೇಡುವವನು ಏಕೆ ಬೇಡುತ್ತಿದ್ದೇನೆಂದು ಹೇಳಬೇಕಾಗುತ್ತದೆ. ಗುಜರಾತಿಯಲ್ಲಿಯೂ ‘ಖೇದ್ ಛೇ’ಗೂ ‘ಮಾಫ್ ಕರ್‌ಜೋ’ಗೂ ಇದೇ ಅಂತರ. ಬೋರ್ಡಿನಲ್ಲಿ ಮೊದಲನೆಯದು, ಬಾಯಲ್ಲಿ ಎರಡನೆಯದು.

ಹೋಲಿಕೆಗೆ ಇನ್ನೊಂದು ಪ್ರಕರಣ. 2025ರ ನವೆಂಬರ್ 18ರ ಸಂಜೆ 4:50ರ ಸುಮಾರಿಗೆ ಲೋಕದ ಅಸಂಖ್ಯ ಜಾಲತಾಣಗಳು ಒಮ್ಮೆಗೇ ಮುಗ್ಗರಿಸಿದವು. ತಾಣಗಳ ಮುಂದೆ ಕಾವಲುಗಾರನಂತೆ ನಿಲ್ಲುವ ಕ್ಲೌಡ್‌ಫ್ಲೇರ್ ಕಂಪನಿಯಲ್ಲಿ ತೊಂದರೆಯಾಗಿತ್ತು. ಆಗ ತೆರೆಯ ಮೇಲೆ ಬಂದ ದೋಷದ ಪುಟ ಗಮನಿಸುವಂಥದ್ದು. ಮೂರು ಚಿತ್ರಗಳು ಸಾಲಾಗಿ: ನಿಮ್ಮ ಬ್ರೌಸರ್, ಅದರ ಕೆಳಗೆ `Working`; ನಡುವೆ ಕ್ಲೌಡ್‌ಫ್ಲೇರ್, ಅದರ ಕೆಳಗೆ `Error`; ಕೊನೆಗೆ ನೀವು ಹೊರಟ ತಾಣ, `Working`. ಪೆಟ್ಟು ಬಿದ್ದದ್ದು ನಡುವಿನವನಿಗೆ ಎಂದು ನಡುವಿನವನೇ ಹೇಳಿಕೊಳ್ಳುವ ಚಿತ್ರ ಅದು. ಕರ್ತೃಪದವನ್ನು ಇದಕ್ಕಿಂತ ಚೊಕ್ಕವಾಗಿ ಇಡುವುದು ಕಷ್ಟ.

ಅದೇ ದಿನ ಕಂಪನಿಯ ಮುಖ್ಯಸ್ಥ ಮ್ಯಾಥ್ಯೂ ಪ್ರಿನ್ಸ್ ಬರೆದ ವಿವರಣೆಯಲ್ಲಿ ಇನ್ನೊಂದು ಪ್ರಾಮಾಣಿಕ ಸಂಗತಿಯಿದೆ. ತಾವು ಮೊದಲು ಇದನ್ನು ಹೊರಗಿನ ದೊಡ್ಡ ದಾಳಿ ಎಂದು ತಪ್ಪಾಗಿ ಶಂಕಿಸಿದ್ದೆವು ಎಂದು ಅವರು ಒಪ್ಪಿಕೊಂಡರು. ಬೇರೆ ಕಡೆ ಇಟ್ಟಿದ್ದ ಅವರ ಸ್ಥಿತಿಸೂಚನೆಯ ಪುಟವೂ ಕಾಕತಾಳೀಯವಾಗಿ ಅದೇ ಹೊತ್ತಿಗೆ ನಿಂತದ್ದು ಆ ಶಂಕೆಯನ್ನು ಬಲಪಡಿಸಿತ್ತು. ನಿಜವಾದ ಕಾರಣ ಮನೆಯೊಳಗಿನದು. ಸಂದರ್ಶಕರು ಮನುಷ್ಯರೋ ಯಂತ್ರಗಳೋ ಎಂದು ಗುರುತಿಸಲು ಬಳಸುವ ಲಕ್ಷಣಗಳ ಪಟ್ಟಿಯೊಂದು ಅಲ್ಲಿ ಪ್ರತಿ ಐದು ನಿಮಿಷಕ್ಕೊಮ್ಮೆ ಹೊಸದಾಗಿ ತಯಾರಾಗುತ್ತದೆ. ದತ್ತಸಂಗ್ರಹದ ಅನುಮತಿಯಲ್ಲಿ ಅವರೇ ಮಾಡಿದ ಒಂದು ಬದಲಾವಣೆಯಿಂದ ಪಟ್ಟಿಯ ಸಾಲುಗಳು ಎರಡೆರಡು ಸಲ ಬಂದವು. ಪಟ್ಟಿ ಓದುವ ತಂತ್ರಾಂಶಕ್ಕೆ 200 ಲಕ್ಷಣಗಳ ಮಿತಿ ಇತ್ತು. ಎಂದಿನ ಬಳಕೆ 60ರ ಆಸುಪಾಸು. ಮಿತಿ ದಾಟಿದ್ದೇ ತಡ ಓದುವ ತಂತ್ರಾಂಶ ಬಿದ್ದುಹೋಯಿತು. ಮೊದಮೊದಲು ಕೆಲವು ಸಲ ಒಳ್ಳೆಯ ಪಟ್ಟಿ, ಕೆಲವು ಸಲ ಕೆಟ್ಟ ಪಟ್ಟಿ ಬರುತ್ತಿದ್ದುದರಿಂದ ತಾಣಗಳು ಎದ್ದು ಬಿದ್ದು ಮಾಡಿದವು. ಅದು ದಾಳಿಯ ಲಕ್ಷಣದಂತೆಯೇ ಕಂಡಿತು.

ಇಲ್ಲಿಂದ ತೆಗೆದುಕೊಳ್ಳಬೇಕಾದ ಪಾಠ ಸಿ-ಎಡ್ಜ್ ಪ್ರಕರಣಕ್ಕೆ ತಿರುಗುಮುರುಗಾಗಿದೆ. ಅಲ್ಲಿ ದಾಳಿಯನ್ನು ಮೊದಲು ದೋಷ ಎಂದರು, ಇಲ್ಲಿ ದೋಷವನ್ನು ಮೊದಲು ದಾಳಿ ಎಂದುಕೊಂಡರು. ಮೊದಲ ಗಂಟೆಯ ಸೂಚನೆಯಲ್ಲಿ ಕಾರಣ ಹೇಳಲು ಹೊರಟವರು ಎರಡು ಕಡೆಗೂ ಜಾರಬಹುದು. ಮೊದಲ ಸೂಚನೆಗೆ ಕಾರಣ ಬೇಕಾಗಿಯೇ ಇಲ್ಲ. ಏನು ನಿಂತಿದೆ, ಏನು ನಡೆಯುತ್ತಿದೆ, ಏನು ಮಾಡಬಾರದು, ಮುಂದಿನ ಮಾತು ಎಷ್ಟು ಗಂಟೆಗೆ ಎಂಬಿಷ್ಟು ಸಾಕು. ಅದೇ ವರ್ಷ ಡಿಸೆಂಬರ್ 5ರಂದು ಕ್ಲೌಡ್‌ಫ್ಲೇರ್ ಮತ್ತೆ ಸುಮಾರು 25 ನಿಮಿಷ ಕೈಕೊಟ್ಟಿತು, ಅದೂ ಷೇರುಪೇಟೆ ನಡೆಯುತ್ತಿದ್ದ ಮಧ್ಯಾಹ್ನದಲ್ಲಿ. ಆಗ ಬೆಂಗಳೂರಿನ ಜೆರೋಧಾ ತನ್ನ ಗ್ರಾಹಕರಿಗೆ ಹೇಳಿದ್ದರಲ್ಲಿ ಕಾರಣಕ್ಕೆ ಅರ್ಧ ಸಾಲು, ಉಳಿದದ್ದು ವಾಟ್ಸ್‌ಆ್ಯಪ್ ಮೂಲಕ ವಹಿವಾಟು ನಿಭಾಯಿಸುವ ಪರ್ಯಾಯ ದಾರಿ.

ಈಗ ಇದನ್ನು ಕನ್ನಡದಲ್ಲಿ ಬರೆದು ನೋಡಬೇಕು. ಕೆಳಗಿನವು ಯಾವ ಬ್ಯಾಂಕೂ ಹೊರಡಿಸಿದವಲ್ಲ. 2024ರ ಆ ಮೂರು ದಿನಗಳಿಗೆ ಒಂದು ಜಿಲ್ಲಾ ಬ್ಯಾಂಕು ಬರೆಯಬಹುದಾಗಿದ್ದ ಸೂಚನೆಗಳು ಎಂದು ನಾನೇ ಕಟ್ಟಿದವು. ಮೊದಲನೆಯದು, ಏನೂ ಗೊತ್ತಿಲ್ಲದ ಹೊತ್ತಿನದು:

‘ಇಂದು ಬೆಳಿಗ್ಗೆಯಿಂದ ನಮ್ಮ ಬ್ಯಾಂಕಿನ ಖಾತೆಗಳಿಗೆ ಯುಪಿಐ ಹಣ ಬರುತ್ತಿಲ್ಲ, ಹೋಗುತ್ತಲೂ ಇಲ್ಲ. ಕಾರಣ ಹುಡುಕುತ್ತಿದ್ದೇವೆ, ಇನ್ನೂ ಗೊತ್ತಾಗಿಲ್ಲ. ಹಣ ಹೋಗಿ ಮುಟ್ಟದೆ ಇದ್ದರೆ ದಯವಿಟ್ಟು ಮತ್ತೆ ಕಳಿಸಬೇಡಿ. ಮುಂದಿನ ಸುದ್ದಿಯನ್ನು ಮಧ್ಯಾಹ್ನ 2 ಗಂಟೆಗೆ ಇಲ್ಲಿಯೇ ಹಾಕುತ್ತೇವೆ, ಹೊಸದೇನೂ ತಿಳಿಯದಿದ್ದರೂ ಹಾಕುತ್ತೇವೆ.’

ಕೊನೆಯ ಮಾತು ಮುಖ್ಯ. ಎಷ್ಟು ಹೊತ್ತಿಗೆ ಸರಿಹೋಗುತ್ತದೆ ಎಂದು ಮಾತು ಕೊಡುವ ಸ್ಥಿತಿಯಲ್ಲಿ ಬ್ಯಾಂಕು ಇಲ್ಲ. ಎಷ್ಟು ಹೊತ್ತಿಗೆ ಮಾತಾಡುತ್ತೇವೆ ಎಂದು ಮಾತು ಕೊಡಬಹುದು, ಅದನ್ನು ಉಳಿಸಿಕೊಳ್ಳಲೂಬಹುದು. ಎರಡನೆಯದು, ಎನ್‌ಪಿಸಿಐ ಸಂಪರ್ಕ ಕಡಿದದ್ದು ತಿಳಿದ ಮೇಲಿನದು:

‘ನಮ್ಮ ಲೆಕ್ಕದ ಕಂಪ್ಯೂಟರುಗಳನ್ನು ನಮಗಾಗಿ ಬೇರೊಂದು ಕಂಪನಿ ನೋಡಿಕೊಳ್ಳುತ್ತದೆ. ಅದರ ಕೆಲವು ಯಂತ್ರಗಳಿಗೆ ಹೊರಗಿನವರು ನುಗ್ಗಿ ಕಡತಗಳಿಗೆ ಬೀಗ ಹಾಕಿರುವ ಶಂಕೆಯಿದೆ. ಅದು ಬೇರೆ ಬ್ಯಾಂಕುಗಳಿಗೆ ಹರಡದಿರಲೆಂದು ಯುಪಿಐ ನಡೆಸುವ ಎನ್‌ಪಿಸಿಐ ನಮ್ಮ ಸಂಪರ್ಕವನ್ನು ನಿಲ್ಲಿಸಿದೆ. ಪರೀಕ್ಷೆ ಮುಗಿಸಿ ಅವರೇ ಅದನ್ನು ಮತ್ತೆ ಜೋಡಿಸಬೇಕು, ದಿನ ಇನ್ನೂ ಗೊತ್ತಾಗಿಲ್ಲ. ಕಳಿಸಿದ ಹಣ ಮುಟ್ಟದಿದ್ದರೆ ಮರುದಿನದೊಳಗೆ ಕಳಿಸಿದವರಿಗೆ ಮರಳಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಸೇರಬೇಕು. ಇದಕ್ಕೆ ನೀವು ಅರ್ಜಿ ಕೊಡಬೇಕಿಲ್ಲ. ಹಣ ಮರಳಿಸುತ್ತೇವೆಂದು ಯಾರಾದರೂ ಫೋನ್ ಮಾಡಿ ಪಿನ್ ಅಥವಾ ಒಟಿಪಿ ಕೇಳಿದರೆ ಅವರು ನಮ್ಮವರಲ್ಲ.’

ಇದರಲ್ಲಿ ಲಿಂಕ್ ಇಲ್ಲ ಎಂಬುದನ್ನು ಗಮನಿಸಬೇಕು. ಸೇವೆ ನಿಂತ ಸುದ್ದಿ ಹರಡಿದ ಕೂಡಲೇ ‘ಹಣ ವಾಪಸು ಪಡೆಯಲು ಇಲ್ಲಿ ಒತ್ತಿ’ ಎಂಬ ಮೋಸದ ಸಂದೇಶಗಳಿಗೆ ಸುಗ್ಗಿ. ಬ್ಯಾಂಕಿನ ಸಂದೇಶದಲ್ಲಿ ಲಿಂಕೇ ಇರುವುದಿಲ್ಲ ಎಂಬ ರೂಢಿ ಇದ್ದರೆ ಅಸಲಿ ನಕಲಿ ಗುರುತಿಸುವುದು ಸುಲಭ. ಮತ್ತೆ, ಈ ಸೂಚನೆ ಬ್ಯಾಂಕಿನ ಜಾಲತಾಣದಲ್ಲಿ ಮಾತ್ರ ಇದ್ದರೆ ಪ್ರಯೋಜನವಿಲ್ಲ. ತಾಣವೂ ಅದೇ ಕಂಪನಿಯ ಯಂತ್ರದಲ್ಲಿದ್ದರೆ ಅದೂ ಮಲಗಿರುತ್ತದೆ. ಎಸ್‌ಎಂಎಸ್, ಶಾಖೆಯ ಬಾಗಿಲು, ಹಾಲಿನ ಸಹಕಾರಿ ಸಂಘದ ಗೋಡೆ ಕೆಲಸಕ್ಕೆ ಬರುತ್ತವೆ.

2023ರ ದತ್ತ ಸಂರಕ್ಷಣಾ ಕಾಯ್ದೆ ಇಂಥ ಸೂಚನೆಗೆ ಈಗ ಒಂದು ಚೌಕಟ್ಟು ಕೊಟ್ಟಿದೆ. ಅದರ ವ್ಯಾಖ್ಯೆಯಲ್ಲಿ ವೈಯಕ್ತಿಕ ಮಾಹಿತಿ ಸೋರುವುದಷ್ಟೇ ಉಲ್ಲಂಘನೆಯಲ್ಲ, ಅದು ಕೈಗೆ ಸಿಗದಂತಾಗುವುದೂ ಸೇರಿದೆ. 2025ರ ನವೆಂಬರಿನಲ್ಲಿ ಪ್ರಕಟವಾದ ನಿಯಮಗಳು, ಬಾಧಿತರಿಗೆ ಆದದ್ದೇನು, ಅವರಿಗೆ ಆಗಬಹುದಾದದ್ದೇನು, ಸಂಸ್ಥೆ ಮಾಡಿದ್ದೇನು, ಅವರು ಮಾಡಬೇಕಾದದ್ದೇನು, ಯಾರನ್ನು ಕೇಳಬೇಕು ಎಂಬುದನ್ನು ಚಿಕ್ಕದಾಗಿ, ಸ್ಪಷ್ಟವಾಗಿ, ಸರಳವಾಗಿ ತಿಳಿಸಬೇಕೆನ್ನುತ್ತವೆ. ಈ ಕಟ್ಟಳೆ ಜಾರಿಗೆ ಬರಲು ನಿಯಮಗಳೇ ಒಂದೂವರೆ ವರ್ಷದ ಅವಕಾಶ ಕೊಟ್ಟಿವೆ. ಪಟ್ಟಿಯಲ್ಲಿ ಕ್ಷಮೆ ಇಲ್ಲ. ಕಾನೂನು ಅದನ್ನು ಕೇಳಲಾರದು.

2024ರ ಆಗಸ್ಟ್ 1ರಂದು ಎನ್‌ಪಿಸಿಐ ಎರಡನೆಯ ಹೇಳಿಕೆ ಕೊಟ್ಟಿತು. ಹೊರಗಿನ ಸ್ವತಂತ್ರ ತಪಾಸಕರ ಜೊತೆ ಪರೀಕ್ಷೆ ನಡೆದಿದೆ, ತೊಂದರೆ ಸಿ-ಎಡ್ಜ್‌ನ ದತ್ತಕೇಂದ್ರದೊಳಗೇ ಉಳಿದಿತ್ತು, ಬ್ಯಾಂಕುಗಳ ಸ್ವಂತ ವ್ಯವಸ್ಥೆಗೆ ತಗುಲಿಲ್ಲ, ಸಂಪರ್ಕ ಮರಳಿ ಜೋಡಿಸಲಾಗಿದೆ ಎಂಬುದು ಅದರ ತಿರುಳು. ಹಿಂದಿನ ದಿನ ‘ಬೇರ್ಪಡಿಸಿದ್ದೇವೆ’ ಎಂದವರು ಈಗ ‘ಜೋಡಿಸಲಾಗಿದೆ’ ಎಂಬ ಕರ್ಮಣಿಗೆ ಸರಿದರು. ಸಿಹಿ ಸುದ್ದಿಗೂ ಯಾಕೆ ಸಂಕೋಚವೋ. ಗ್ರಾಹಕನಿಗೆ ಮಾತ್ರ ಇನ್ನೂ ಒಂದು ಸೂಚನೆ ಬರಬೇಕಿತ್ತು. ಸೇವೆ ಮರಳಿದ ದಿನಕ್ಕೂ ಸಿಕ್ಕಿಬಿದ್ದ ಹಣವೆಲ್ಲ ಮರಳಿದ ದಿನಕ್ಕೂ ನಡುವೆ ಅಂತರ ಇರುತ್ತದೆ, ಕೌಂಟರಿನಲ್ಲಿ ಜಗಳ ನಡೆಯುವುದು ಆ ಅಂತರದಲ್ಲಿ. ನನ್ನ ಮೂರನೆಯ ಕರಡು ಅಲ್ಲಿಗೆ, ಮೊದಲ ಕರಡಿನಂತೆ ಬರೆಯದೆ ‘ತಾಂತ್ರಿಕ ದೋಷ’ ಎಂದಷ್ಟೇ ಹೇಳಿದ್ದ ಬ್ಯಾಂಕಿಗಾಗಿ:

‘ನಿನ್ನೆಯಿಂದ ಯುಪಿಐ ಮತ್ತೆ ನಡೆಯುತ್ತಿದೆ. ನಿಂತ ದಿನಗಳಲ್ಲಿ ಸಿಕ್ಕಿಬಿದ್ದ ವಹಿವಾಟುಗಳನ್ನು ಒಂದೊಂದಾಗಿ ತಾಳೆ ನೋಡುತ್ತಿದ್ದೇವೆ. ನಿಮ್ಮದು ಇನ್ನೂ ಮರಳಿಲ್ಲವಾದರೆ ಪಾಸ್‌ಬುಕ್ ಮತ್ತು ಮೊಬೈಲಿನಲ್ಲಿರುವ ವಹಿವಾಟು ಸಂಖ್ಯೆ ತನ್ನಿ, ಶನಿವಾರವೂ ಸಂಜೆ 6ರವರೆಗೆ ಒಂದು ಕೌಂಟರನ್ನು ಇದಕ್ಕೇ ತೆರೆದಿದ್ದೇವೆ. ಮೊದಲ ಎರಡು ದಿನ ನಾವು ನಿಮಗೆ “ತಾಂತ್ರಿಕ ದೋಷ” ಎಂದಷ್ಟೇ ಹೇಳಿದೆವು. ಗೊತ್ತಿಲ್ಲ ಎಂದು ಹೇಳಬೇಕಿತ್ತು. ಕ್ಷಮಿಸಿ.’